ಫೋಟೋದಲ್ಲಿ ಇಲ್ಲದ ಗದ್ದ

ಅವಳನ್ನು ಹೆಸರು ಹಿಡಿದು ಕರೆಯುವವರು ಇಬ್ಬರೇ: ಬ್ಯಾಂಕಿನ ಕೌಂಟರಿನವರು, ಮತ್ತು ಸಿಟ್ಟು ಬಂದಾಗ ಅವಳ ಅತ್ತೆ. ಉಳಿದವರಿಗೆಲ್ಲ ಅವಳು ತೇಪೆಯಕ್ಕ. ಹರಿದ ಬಟ್ಟೆಗೆ ತೇಪೆ ಹಾಕುವವರಿದ್ದಾರಲ್ಲ, ಇವಳು ಹರಿದ ಫೋಟೋಗಳಿಗೆ ಹಾಕುತ್ತಿದ್ದಳು. ಗೆದ್ದಲು ತಿಂದ ಮೂಗು, ನೀರು ಬಿದ್ದು ಕರಗಿದ ಕಿವಿ, ಯಾರೋ ಸಿಟ್ಟಿನಲ್ಲಿ ಕತ್ತರಿಸಿ ಎಸೆದ ಗಂಡ, ಎಲ್ಲವೂ ಅವಳ ಕೈಯಲ್ಲಿ ಒಂದು ಗಂಟೆಯಲ್ಲಿ ತಿರುಗಿ ಬರುತ್ತಿದ್ದವು. ಹದಿನೆಂಟು ವರ್ಷದಿಂದ ಅದೇ ಸ್ಟುಡಿಯೋ, ಅದೇ ಕುಂಟು ಕುರ್ಚಿ. ಕೆಲಸದಲ್ಲಿ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಹದಿನೆಂಟು ವರ್ಷ ಕೆಲಸ ಮಾಡಿದವರಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ.

ಆ ಮಂಗಳವಾರ ಬೆಳಿಗ್ಗೆ ಸ್ಟುಡಿಯೋದ ಷಟರ್ ಪೂರ್ತಿ ಏಳುವ ಮೊದಲೇ ಇಬ್ಬರು ಬಗ್ಗಿ ಒಳಗೆ ಬಂದರು. ಮುಂದಿದ್ದವಳು ಎದುರು ರಸ್ತೆಯ ಟೈಲರಮ್ಮ. ಕೊರಳಿನಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ಅದನ್ನು ತೆಗೆದಿಡಬೇಕೆಂಬ ಗ್ಯಾನವೂ ಅವಳಿಗಿದ್ದಂತೆ ಕಾಣಲಿಲ್ಲ. ಹಿಂದೆ ಅವಳ ಮಗಳು, ಕಾಲೇಜಿನ ಹುಡುಗಿ, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅಕ್ಕಾ, ನಮ್ಮಣ್ಣ ನಿನ್ನೆ ಬೆಳಿಗ್ಗೆ ಹೋದವನು ಬಂದಿಲ್ಲ," ಅಂದಳು ಟೈಲರಮ್ಮ. "ಗೇಟ್ ತೆಗೆದು ಹೊರಗೆ ಹೋಗಿದಾನೆ. ಅವನಿಗೆ ಮಾತು ಬರಲ್ಲ."

"ಹುಟ್ಟಿನಿಂದಾನಾ?"

"ಅಯ್ಯೋ, ಇಲ್ಲ. ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಯ್ತಲ್ಲ. ಕಾಲು ಸರಿಹೋಯ್ತು, ಮಾತು ಬರಲೇ ಇಲ್ಲ. ಬರೆಯೋಕೂ ಆಗಲ್ಲ. ಹೌದು ಅಂದ್ರೆ ತಲೆ ತೂಗ್ತಾನೆ, ಇಲ್ಲ ಅಂದ್ರೆ ಅಲ್ಲಾಡಿಸ್ತಾನೆ, ಅಷ್ಟೇ. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ. ತಪ್ಪಿದ್ರೆ ಇನ್ನೊಂದು ಸಲ ಹೊಡೆಯುತ್ತೆ ಅಂತ ಡಾಕ್ಟ್ರು ಬೆರಳು ತೋರಿಸಿ ಹೇಳಿದಾರೆ. ಈಗಾಗ್ಲೇ ಮೂರು ತಪ್ಪಿವೆ."

ಠಾಣೆಗೆ ಹೋಗಿ ಬಂದಿದ್ದರಂತೆ. ಅಲ್ಲಿಯ ರೈಟರ್ ದೂರು ಬರೆದುಕೊಂಡು, ಎದುರಿಗೆ ನೋಡುತ್ತಿರುವ, ಹಣೆಯಿಂದ ಗದ್ದದವರೆಗೆ ಪೂರ್ತಿ ಮುಖ ಇರುವ ಪಾಸ್‌ಪೋರ್ಟ್ ಥರದ ಫೋಟೋ ತನ್ನಿ ಎಂದಿದ್ದ. ಅಲ್ಲೇ ಬಂದಿತ್ತು ತೊಂದರೆ. ಟೈಲರಮ್ಮನ ಅಣ್ಣ ಕ್ಯಾಮೆರಾ ಕಂಡರೆ ಮಾರು ದೂರ ಓಡುವ ಆಸಾಮಿ. ಸಿಕ್ಕಿದ್ದು ಎರಡೇ ಫೋಟೋ. ಒಂದು ಹನ್ನೆರಡು ವರ್ಷ ಹಳೆಯ ಸ್ಟುಡಿಯೋ ಫೋಟೋ. ಅದರಲ್ಲಿ ಗದ್ದ ಪೂರ್ತಿ ಮುಚ್ಚಿದ ದಟ್ಟ ಕಪ್ಪು ಗಡ್ಡ. ಇಪ್ಪತ್ತನೇ ವಯಸ್ಸಿನಿಂದ ಬಿಟ್ಟ ಗಡ್ಡವಂತೆ ಅದು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಅಂಟಿಸಬೇಕೆಂದು ಬೋಳಿಸಿದ್ದರು. ಆಮೇಲೆ, ಬಾಯಿಂದ ಜೊಲ್ಲು ಇಳಿದು ನೆನೆಯುತ್ತದೆಂದೋ ಏನೋ, ಅವನು ಗಡ್ಡ ಬಿಡಲಿಲ್ಲ, ಎರಡು ದಿನಕ್ಕೊಮ್ಮೆ ತಾನೇ ಎಡಗೈಯಲ್ಲಿ ಕೆರೆದುಕೊಳ್ಳುತ್ತಿದ್ದ.

ಇನ್ನೊಂದು ಫೋಟೋ ಮೊಬೈಲಿನದು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಈ ಹುಡುಗಿಯೇ ತೆಗೆದ ಸೆಲ್ಫಿ. ಹುಡುಗಿಯ ನಗು ಮುಕ್ಕಾಲು ಫೋಟೋ ತುಂಬಿಕೊಂಡಿತ್ತು. ಅವಳ ಭುಜದ ಕೆಳಗೆ, ಮೂಲೆಯಲ್ಲಿ, ಮಾವನ ಮುಖ. ಹಣೆ ಇತ್ತು, ಕಣ್ಣಿದ್ದವು, ಮೂಗಿತ್ತು, ಬಾಯಿತ್ತು. ಕೆಳತುಟಿ ಮುಗಿದು ಎಳೆಯಷ್ಟು ಚರ್ಮ ಕಾಣುವಷ್ಟರಲ್ಲಿ ಫೋಟೋವೇ ಮುಗಿದಿತ್ತು.

"ಮಾವ ಕೆಳಗೆ ಕೂತಿದ್ರು, ನಾನೇ ಮೇಲಕ್ಕೆ ಹಿಡಿದುಬಿಟ್ಟೆ," ಅಂದಳು ಹುಡುಗಿ. ಬೆಳಗ್ಗಿನಿಂದ ಅದನ್ನೇ ಹೇಳಿಕೊಳ್ಳುತ್ತಿದ್ದಳೆಂದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು.

"ಅಷ್ಟೇ ತಾನೇ? ಕೂತ್ಕೊಳ್ಳಿ, ಪೂರ್ತಿ ಮಾಡಿಕೊಡ್ತೀನಿ," ಅಂದಳು ತೇಪೆಯಕ್ಕ.

ಈ ಮಾತನ್ನು ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ತಲೆ ಕತ್ತರಿಸಿಹೋದ ಮದುಮಕ್ಕಳು, ಕಾಲಿಲ್ಲದ ಮಗು, ಅರ್ಧ ನಾಯಿ, ಏನು ಬಂದರೂ ಇದೇ ಮಾತು. ಅದರಿಂದ ಈವರೆಗೆ ಯಾರಿಗೂ ಕೆಡುಕಾಗಿರಲಿಲ್ಲ, ಹಾಗಾಗಿ ಈಗಲೂ ಬಾಯಿಗೆ ತಾನಾಗಿ ಬಂತು.

ಕಂಪ್ಯೂಟರಿನ ಮುಂದೆ ಕೆಲಸಕ್ಕೆ ಕೂತಳು. ಸೆಲ್ಫಿಯ ಮುಖವನ್ನು ತೆಗೆದು ಗಡ್ಡದ ಫೋಟೋದ ಕುತ್ತಿಗೆ, ಭುಜದ ಮೇಲೆ ಕೂರಿಸಬೇಕು. ಅದಕ್ಕೆ ಮೊದಲು ಮುಖಕ್ಕೆ ಗದ್ದ ಬರಬೇಕು. ಪರದೆಯ ಮೇಲೆ ಚಿತ್ರದ ಹಾಳೆಯನ್ನು ಕೆಳಕ್ಕೆ ಹಿಗ್ಗಿಸಿದಳು, ಫೋಟೋದ ಬುಡದಲ್ಲಿ ಬಿಳಿ ಜಾಗ ಬಿತ್ತು. ಮೊದಲು ಖಾಲಿ ಜಾಗ ತುಂಬುವ ಹಳೆಯ ಫಿಲ್ ಹಾಕಿದಳು. ಅದು ಪಾಪದ್ದು, ಅದಕ್ಕೆ ಮುಖ ಎಂದರೇನೆಂದು ಗೊತ್ತಿಲ್ಲ. ಫೋಟೋದಲ್ಲಿ ಇರುವುದನ್ನೇ ಅಲ್ಲಿಂದ ಇಲ್ಲಿಂದ ಎತ್ತಿ ತಂದು ತುಂಬುತ್ತದೆ. ಬಾಯಿಯ ಕೆಳಗೆ ಇನ್ನೊಂದು ಅರ್ಧ ಬಾಯಿ, ಅದರ ಪಕ್ಕ ಹುಡುಗಿಯ ದುಪಟ್ಟಾದ ಹೂವು ಬಂತು. ಹುಡುಗಿ ಅಷ್ಟು ದುಃಖದಲ್ಲೂ ಕಿಸಕ್ಕನೆ ನಕ್ಕಳು, ತಾಯಿ ಅವಳ ಮೊಣಕೈ ತಿವಿದಳು.

ಆಮೇಲೆ ಹೊಸದು, ಎಐ ಫಿಲ್. ಇದು ಇದ್ದದ್ದನ್ನು ಎತ್ತಿ ತರುವುದಿಲ್ಲ. ಕೋಟಿಗಟ್ಟಲೆ ಚಿತ್ರ ನೋಡಿದ ಅಭ್ಯಾಸದ ಮೇಲೆ, ಇಲ್ಲಿ ಏನಿರಬಹುದೋ ಅದನ್ನು ಹೊಸದಾಗಿ ಬರೆಯುತ್ತದೆ. ತೇಪೆಯಕ್ಕ ಬಿಳಿ ಜಾಗದ ಸುತ್ತ ಆಯ್ಕೆಯ ಗೆರೆ ಎಳೆದು, ಅಂಚು ಬೆಸೆದುಕೊಳ್ಳಲೆಂದು ಅದನ್ನು ಮುಖದ ಒಳಕ್ಕೂ ಸ್ವಲ್ಪ ಏರಿಸಿದಳು. ಏನು ಬೇಕೆಂದು ಕೇಳುವ ಪೆಟ್ಟಿಗೆಯನ್ನು ಖಾಲಿ ಬಿಟ್ಟಳು. ಖಾಲಿ ಬಿಟ್ಟರೆ ಅಕ್ಕಪಕ್ಕ ನೋಡಿ ಅದೇ ಹೊಂದಿಸಿಕೊಳ್ಳುತ್ತದೆ ಎಂಬುದು ಅವಳ ಅನುಭವ. ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಓಡಿತು. ಮೂರು ಗದ್ದ ಬಂದವು.

ಮೂರೂ ಚೆನ್ನಾಗಿದ್ದವು, ತೊಂದರೆ ಇದ್ದದ್ದೇ ಅದರಲ್ಲಿ. ಒಂದು ದುಂಡಗೆ, ಒಂದು ಸ್ವಲ್ಪ ಜೋಲು, ಇನ್ನೊಂದು ಚೌಕಾಕಾರ, ನಡುವೆ ಸಣ್ಣ ಗುಳಿ. ಬ್ಯಾಂಕಿನ ಜಾಹೀರಾತಿನಲ್ಲಿ ಕೈಕಟ್ಟಿ ನಿಲ್ಲುವ ಗಂಡಸಿನ ಗದ್ದ.

"ನಿಮ್ಮಣ್ಣಂದು ಇವುಗಳಲ್ಲಿ ಯಾವುದು?"

ಟೈಲರಮ್ಮ ಮುಂದಕ್ಕೆ ಬಗ್ಗಿದಳು. ಒಂದು, ಎರಡು, ಮೂರು, ಮತ್ತೆ ಒಂದು ಎಂದು ನೋಡಿದಳು. ನಾಲ್ಕು ದಶಕ ಒಂದೇ ಮನೆಯಲ್ಲಿ ಅಣ್ಣನ ಜೊತೆ ಬದುಕಿದವಳು ಅವಳು. ಆದರೆ ಗಡ್ಡದಡಿ ಏನಿತ್ತೆಂದು ಯಾರು ನೋಡಿದ್ದರು? ಬೋಳಿಸಿದ ಮೇಲೆ ಎರಡು ತಿಂಗಳು ಕಣ್ಣೆದುರಿಗೇ ಇತ್ತು ನಿಜ. ಆಗ ಅವಳು ನೋಡುತ್ತಿದ್ದದ್ದು ಮಾತ್ರೆ, ಬಿಪಿ ಪಟ್ಟಿ, ಅವನ ಕಾಲು.

"ಇದು," ಎಂದು ಚೌಕದ ಮೇಲೆ ಬೆರಳಿಟ್ಟಳು. ಆಮೇಲೆ ಧೈರ್ಯ ಬಂದಂತೆ, "ಹೌದು ಹೌದು, ಇದೇ. ನಮ್ಮಪ್ಪಂದೂ ಹೀಗೇ ಇತ್ತು," ಅಂದಳು.

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ತಾಯಿ ಅಷ್ಟರಲ್ಲಿ ಅಳಲು ಶುರು ಮಾಡಿದ್ದರಿಂದ ಮುಚ್ಚಿಕೊಂಡಳು.

ತೇಪೆಯಕ್ಕ ಉಳಿದದ್ದನ್ನು ಕೈಚಳಕದಿಂದ ಮುಗಿಸಿದಳು. ಯಂತ್ರ ಬರೆದ ಭಾಗ ನಯವಾಗಿರುತ್ತದೆ, ಮೊಬೈಲ್ ಫೋಟೋ ಒರಟು. ಎರಡೂ ಒಂದೇ ಕಾಣಲೆಂದು ಗದ್ದದ ಮೇಲೆ ಸಣ್ಣ ಕಾಳುಕಾಳು ಉದುರಿಸಿದಳು. ಮುಖವನ್ನು ಹಳೆಯ ಭುಜದ ಮೇಲೆ ಕೂರಿಸಿದಳು, ಕುತ್ತಿಗೆಯ ಬಣ್ಣ ಹೊಂದಿಸಿದಳು. ಕೆಳಗೆ ಹೆಸರು, ವಯಸ್ಸು, ಮಾತು ಬರುವುದಿಲ್ಲ, ನೀಲಿ ಅಂಗಿ, ಫೋನ್ ನಂಬರು. ಇನ್ನೂರು ಪ್ರತಿ. ಸ್ಟುಡಿಯೋದ ಯಜಮಾನರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಎಲ್ಲಿ ಹಾಕಿದೀಯ ತೇಪೆ ಅಂತ ನನಗೇ ಗೊತ್ತಾಗ್ತಿಲ್ಲ ಕಣೇ," ಅಂದರು. ಅವಳಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಬುಧವಾರ ಕಳೆಯಿತು. ಬಸ್ ನಿಲ್ದಾಣ, ಔಷಧಿ ಅಂಗಡಿ, ಪಾರ್ಕಿನ ಗೇಟು, ಬಸ್ಸುಗಳ ಹಿಂಬದಿ, ಎಲ್ಲೆಡೆ ಆ ಚೌಕ ಗದ್ದ. ಒಂದು ಫೋನೂ ಬರಲಿಲ್ಲ. ತೇಪೆಯಕ್ಕ ಚಹಾಕ್ಕೆ ಹೋಗುವಾಗ ಬರುವಾಗ ಎದುರು ರಸ್ತೆಯತ್ತ ನೋಡುತ್ತಿದ್ದಳು. ಹೊಲಿಗೆ ಯಂತ್ರ ನಿಂತೇ ಇತ್ತು.

ಗುರುವಾರ ಬೆಳಿಗ್ಗೆ ಹುಡುಗಿ ಬಂದು, ಠಾಣೆಯಿಂದ ಬೇರೆ ಊರುಗಳಿಗೆ ಕಳಿಸಲು ಚಿಕ್ಕ ಸೈಜಿನಲ್ಲಿ ಬರೀ ಮುಖ ಬೇಕಂತೆ ಅಂದಳು. ತೇಪೆಯಕ್ಕ ಫೈಲು ತೆರೆದಳು. ಫೋಟೋಗೆ ಸೇರಿಸಿದ್ದೆಲ್ಲ ಬೇರೆ ಬೇರೆ ಪದರಗಳಾಗಿ ಕೂತಿರುತ್ತವೆ, ಅವುಗಳ ಪಟ್ಟಿಯಲ್ಲಿ ಒಂದೊಂದಕ್ಕೂ ಒಂದು ಕಣ್ಣಿನ ಗುರುತು ಇರುತ್ತದೆ. ಒತ್ತಿದರೆ ಆ ಪದರ ಮಾಯ, ಮತ್ತೆ ಒತ್ತಿದರೆ ಹಾಜರ್. ಮುಖ ಮಾತ್ರ ಬೇರೆ ಮಾಡಲೆಂದು ಒಂದೊಂದನ್ನೇ ಮುಚ್ಚುತ್ತ ಬಂದವಳ ಬೆರಳು ಗದ್ದದ ಪದರದ ಮೇಲೆ ಬಿತ್ತು.

ಗದ್ದ ಹೋಯಿತು, ಹೋಗಲೇಬೇಕು. ಆದರೆ ಬಾಯಿಯೂ ಅಲುಗಿತು.

ಇನ್ನೊಮ್ಮೆ ಒತ್ತಿದಳು. ತುಟಿಯ ಬಲ ಕೊನೆ ಮೇಲಕ್ಕೆ ಹೋಯಿತು. ಮತ್ತೆ ಒತ್ತಿದಳು, ಕೆಳಕ್ಕೆ ಜಾರಿತು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಪರದೆಯ ಮೇಲೆ ಆ ಮನುಷ್ಯ ಏನೋ ಹೇಳಲು ಹೆಣಗುತ್ತಿರುವಂತೆ ಕಂಡಿತು.

ಅವಳಿಗೆ ತಕ್ಷಣ ಅರ್ಥವಾಯಿತು, ಅರ್ಥವಾಗದಿರಲು ಅವಳೇನು ಹೊಸಬಳೇ? ಅಂಚು ಕಾಣಬಾರದೆಂದು ಆಯ್ಕೆಯನ್ನು ಮುಖದ ಒಳಕ್ಕೆ ಏರಿಸಿದ್ದಳಲ್ಲ. ಎಳೆಯಷ್ಟು ಸಾಕಿತ್ತು. ಅವಳು ಕೈರೂಢಿಯಲ್ಲಿ ಕೆಳತುಟಿಯ ಅರ್ಧದವರೆಗೆ, ಬಾಯಿಯ ಬಲ ಮೂಲೆಯೂ ಸೇರುವಷ್ಟು ಏರಿಸಿದ್ದಳು. ಆಯ್ಕೆಯೊಳಗೆ ಬಿದ್ದದ್ದನ್ನೆಲ್ಲ ಯಂತ್ರ ಹೊಸದಾಗಿ ಬರೆಯುತ್ತದೆ. ಇದು ನಿಜದ್ದು, ಇದು ಖಾಲಿ ಎಂಬ ಭೇದ ಅದಕ್ಕಿಲ್ಲ. ಸ್ಟ್ರೋಕಿನಿಂದ ಜೋತುಬಿದ್ದ ಬಾಯಿಯನ್ನು ಅದು ಅಚ್ಚುಕಟ್ಟಾಗಿ ಎತ್ತಿ ನೇರ ಮಾಡಿತ್ತು. ಫೋಟೋದಲ್ಲಿ ಇಲ್ಲದ್ದನ್ನು ಸೇರಿಸಿದ್ದು ಹೋಗಲಿ, ಇದ್ದ ಒಂದು ಗುರುತನ್ನೂ ಅವಳೇ ಅಳಿಸಿದ್ದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು.

"ಮಾವನ ಬಾಯಿ ಹೀಗಿತ್ತಾ?" ಪದರ ಮುಚ್ಚಿ ಕೇಳಿದಳು.

"ಹೂಂ. ಬಲಗಡೆ ಜೋಲು," ಅಂದಳು ಹುಡುಗಿ.

"ಮತ್ತೆ ಅವತ್ತು ಹೇಳಬಾರದಿತ್ತಾ?"

"ಬಾಯಿ ಬದಲಾಗಿದೆ ಅಂತ ನೋಡ್ಲೇ ಇಲ್ಲ. ಗದ್ದ ಮಾತ್ರ ಏನೋ ಬೇರೆ ಅನ್ನಿಸ್ತು. ಅಮ್ಮ ಹೌದು ಅಂದ್ರಲ್ಲ. ಆಮೇಲೆ ಪೋಸ್ಟರ್ ನೋಡಿ ನೋಡಿ ನಂಗೂ ಹಾಗೇ ಇತ್ತು ಅನ್ನಿಸೋಕೆ ಶುರುವಾಯ್ತು. ಈಗ ಮಾವನ್ನ ನೆನೆಸ್ಕೊಂಡ್ರೆ ಆ ಗದ್ದಾನೇ ಬರುತ್ತೆ ಅಕ್ಕಾ."

ತೇಪೆಯಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಯಜಮಾನರ ಹತ್ತಿರ ಹೋಗಿ ಎಲ್ಲ ಹೇಳಿದಳು. ಅವರು ಕನ್ನಡಕ ಹಣೆಗೇರಿಸಿ, "ಆರಿಸಿದ್ದು ಅವರು. ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?" ಅಂದರು.

"ನಾನು ಮೂರು ಸುಳ್ಳು ತೋರಿಸಿ ಇದರಲ್ಲಿ ನಿಜ ಯಾವುದು ಅಂತ ಕೇಳಿದೀನಿ ಸಾರ್. ಅವರು ಒಂದನ್ನ ಆರಿಸಿದಾರೆ."

"ಊರೆಲ್ಲ ಅಂಟಿಸಿ ಆಗಿದೆ. ಈಗ ಸುಳ್ಳು ಅಂದ್ರೆ ಅಂಗಡಿ ಹೆಸರು ಏನಾಗಬೇಕು?"

"ಆ ಮನುಷ್ಯಂಗೆ ಮಾತ್ರೆ ತಪ್ಪಿ ನಾಲ್ಕನೇ ದಿನ ಸಾರ್," ಎಂದವಳೇ ಚೀಲ ಹೆಗಲಿಗೆ ಹಾಕಿಕೊಂಡಳು. ಯಜಮಾನರು ಹಿಂದಿನಿಂದ ಏನೋ ಅಂದರು. ಅದು ಒಳ್ಳೆಯ ಮಾತಾಗಿರಲಿಕ್ಕಿಲ್ಲ, ಅವಳು ಕೇಳಿಸಿಕೊಳ್ಳಲಿಲ್ಲ.

ಗದ್ದವನ್ನು ಸರಿಯಾಗಿ ನೋಡಿದವರು ಯಾರು? ಬೋಳಿಸಿದವರೇ ಅಲ್ಲವೇ. ಆಸ್ಪತ್ರೆಗೆ ನಡೆಯುತ್ತ ಅವಳು ಇದೊಂದನ್ನೇ ಯೋಚಿಸಿದಳು. ದಾರಿಯಲ್ಲಿ ಎದುರಾದವರೆಲ್ಲರ ಗದ್ದದ ಮೇಲೇ ಕಣ್ಣು. ಚೂಪು, ಇಮ್ಮಡಿ, ಇದ್ದೂ ಇಲ್ಲದ್ದು, ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಮೇಲಿನ ಮುಖ ನೋಡಿ ಕೆಳಗಿನದು ಹೀಗೇ ಎಂದು ಹೇಳಲು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ಹಿಂದಿನ ಸಂಜೆಯೂ, ಯಾಕೆಂದು ತನಗೇ ತಿಳಿಯದೆ, ಅತ್ತೆಯ ಗದ್ದವನ್ನೇ ದಿಟ್ಟಿಸುತ್ತ ಕೂತಿದ್ದಳು. "ನನ್ನ ಮುಖದಲ್ಲೇನು ಸಿನಿಮಾ ಓಡ್ತಾ ಇದೆಯಾ?" ಎಂದು ಅತ್ತೆ ಹೆಸರು ಹಿಡಿದು ಕೇಳಿದ್ದರು.

ಆಸ್ಪತ್ರೆಯಲ್ಲಿ ರೋಗಿಗಳ ಕ್ಷೌರಕ್ಕೆಂದೇ ಒಬ್ಬ ಇದ್ದ. ಎರಡನೇ ಮಹಡಿಯ ಮೆಟ್ಟಿಲ ಕೆಳಗೆ, ಬಿಸಿನೀರಿನ ಫ್ಲಾಸ್ಕು, ಬ್ರಷ್ಷು, ಬ್ಲೇಡಿನ ಪೊಟ್ಟಣ ಇಟ್ಟುಕೊಂಡು ಕೂತಿದ್ದ. ಐವತ್ತು ದಾಟಿದ ಸಣಕಲ, ಕೈ ಮಾತ್ರ ದೊಡ್ಡದು. ತೇಪೆಯಕ್ಕ ಪೋಸ್ಟರ್ ಬಿಚ್ಚಿ ತೋರಿಸಿದಳು.

"ಇವರನ್ನ ನಾನು ಬೋಳಿಸಿಲ್ಲ," ಅಂದ ಒಂದೇ ಏಟಿಗೆ.

ಅವಳು ಪೋಸ್ಟರನ್ನು ತುಟಿಯ ಹತ್ತಿರ ಮಡಚಿ, ಮೊಬೈಲಿನಲ್ಲಿದ್ದ ಮೂಲ ಸೆಲ್ಫಿಯನ್ನು ಪಕ್ಕದಲ್ಲಿ ಹಿಡಿದಳು. ಜೊತೆಗೆ ಗಡ್ಡದ ಫೋಟೋ. ಅವನು ಮೊಬೈಲನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ತಂದ.

"ಓಹೋ! ಗಡ್ಡದ ಯಜಮಾನ್ರು! ನಾಲ್ಕನೇ ವಾರ್ಡು, ಕಿಟಕಿ ಪಕ್ಕ. ಎರಡು ಬ್ಲೇಡು ಹೋಯ್ತಲ್ಲ ಅವತ್ತು. ಅದ್ಯಾರ ಗದ್ದ ತಂದು ಹಚ್ಚಿದೀರಮ್ಮ ಅವರಿಗೆ?"

"ನಾನೇ ಹಚ್ಚಿದ್ದು," ಅಂದಳು. "ಅವರದ್ದು ಹೇಗಿತ್ತು ಹೇಳಿ."

ಅವನು ಕಣ್ಣು ಮುಚ್ಚಿಕೊಂಡ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಗಾಳಿಯಲ್ಲಿ ಒಂದು ಮುಖವನ್ನು ಹಿಡಿದಂತೆ ಹಿಡಿದ. ಕಣ್ಣಿಗಿಂತ ಬೆರಳಿಗೇ ಹೆಚ್ಚು ನೆನಪಿರುವ ಜಾತಿಯ ಮನುಷ್ಯ ಅವನು.

"ಚಿಕ್ಕದಮ್ಮ. ಒಳಕ್ಕೆ ಸರಿದಿದೆ, ಹಿಡಿಯೋಕೆ ಸಿಗಲ್ಲ. ತುಟಿ ಕೆಳಗೆ ಎಡಕ್ಕೆ ಹಳೇ ಹೊಲಿಗೆ, ಇಷ್ಟುದ್ದ," ಎಂದು ಕಿರುಬೆರಳಿನ ಅರ್ಧ ತೋರಿಸಿದ. "ಅಲ್ಲಿ ಕೂದಲು ಬರಲ್ಲ. ಬ್ಲೇಡು ಅಲ್ಲಿ ಬಂದಾಗ ನಾನೇ ನಿಲ್ಲಿಸ್ದೆ. ಗಡ್ಡ ಬಿಟ್ಟಿದ್ದೇ ಅದಕ್ಕೇನೋ ಅನ್ಕೊಂಡೆ."

ಅಲ್ಲೇ ಮೆಟ್ಟಿಲ ಮೇಲೆ ನಿಂತು ಟೈಲರಮ್ಮನಿಗೆ ಫೋನ್ ಮಾಡಿದಳು. ಗಾಯದ ಮಾತು ಹೇಳಿದಳು.

"ಹೊಲಿಗೆ ಗಾಯನಾ? ಯಾವ ಗಾಯ? ನಂಗೆ ಗೊತ್ತಿಲ್ವಲ್ಲ ಅಕ್ಕಾ," ಅಂದಳು ಟೈಲರಮ್ಮ.

ಮಧ್ಯಾಹ್ನ ತೇಪೆಯಕ್ಕ ಮತ್ತೆ ಕುಂಟು ಕುರ್ಚಿಯಲ್ಲಿ ಕೂತಳು. ಕ್ಷೌರಿಕ ಹೇಳಿದಂತೆ ಚಿಕ್ಕ ಗದ್ದ, ಎಡಕ್ಕೆ ಗಾಯ ಎಂದು ಆ ಪೆಟ್ಟಿಗೆಯಲ್ಲಿ ಬರೆದರೆ ಯಂತ್ರ ಅದನ್ನೂ ಕೊಡುತ್ತಿತ್ತು. ಮೂರು ಕೊಡುತ್ತಿತ್ತು. ಕೈ ತುರಿಸಿತು, ಸುಳ್ಳು ಯಾಕೆ ಹೇಳಲಿ. ಅಪೂರ್ಣ ಮುಖವೊಂದನ್ನು ಹಾಗೇ ಬಿಡುವುದೆಂದರೆ ಅವಳಿಗೆ ಅರ್ಧ ಉಂಡು ಎದ್ದಂತೆ. ಎರಡು ಸಲ ಆಯ್ಕೆ ಎಳೆದಳು, ಎರಡು ಸಲ ಅಳಿಸಿದಳು. ಹೇಳಿದ ಮಾತಿಗೆ ಬರೆದ ಗದ್ದವೂ ಇನ್ನೊಬ್ಬನ ಗದ್ದವೇ ಆಗುತ್ತಿತ್ತು.

ಕೊನೆಗೆ ಸೆಲ್ಫಿಯ ಮುಖವನ್ನು ಇದ್ದಂತೆಯೇ ಇಟ್ಟಳು. ಜೋತ ಬಾಯಿ, ಒರಟು ಕಾಳು, ಕೆಳತುಟಿಯ ಕೆಳಗೆ ಕತ್ತರಿಸಿದ ನೇರ ಗೆರೆ. ಗೆರೆಯ ಕೆಳಗೆ ಬೂದು ಬಣ್ಣದ ಖಾಲಿ ಪಟ್ಟಿ, ಅದರಲ್ಲಿ ಅಕ್ಷರ: "ಇಲ್ಲಿಂದ ಕೆಳಗೆ ಫೋಟೋದಲ್ಲಿ ಇಲ್ಲ. ಗದ್ದ ಚಿಕ್ಕದು, ಒಳಗೆ ಸರಿದಿದೆ. ತುಟಿಯ ಕೆಳಗೆ ಎಡಕ್ಕೆ ಹಳೆಯ ಹೊಲಿಗೆ ಗುರುತು." ಪಕ್ಕದಲ್ಲಿ ಗಡ್ಡದ ಫೋಟೋ ಚಿಕ್ಕದಾಗಿ. ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ: "ಮೊದಲಿನ ಪೋಸ್ಟರಿನ ಮುಖ ತಪ್ಪು. ದಯವಿಟ್ಟು ಇದನ್ನು ನೋಡಿ."

ಯಜಮಾನರು ಬಂದು ಹಿಂದೆ ನಿಂತರು. ಕನ್ನಡಕ ಹಾಕಿಕೊಂಡು ನೋಡಿದರು. "ಹದಿನೆಂಟು ವರ್ಷದಲ್ಲಿ ನೀನು ಮಾಡಿದ ಅತಿ ಕೆಟ್ಟ ಕೆಲಸ ಕಣೇ ಇದು, ನೋಡೋಕಾಗಲ್ಲ," ಅಂದರು. ಆಮೇಲೆ ತಾವೇ ಪ್ರಿಂಟರಿಗೆ ಕಾಗದ ತುಂಬಿದರು. ಮೊದಲ ಕಟ್ಟನ್ನು ಹುಡುಗಿಯ ಕೈಗೆ ಕೊಡುವಾಗ, ಉಳಿದವುಗಳ ಕೆಳಗೆ ಅಂಗಡಿಯ ಹೆಸರನ್ನೂ ಹಾಕು ಎಂದು ತೇಪೆಯಕ್ಕನಿಗೆ ಗೊಣಗಿದರು. ಸಂಜೆಯೊಳಗೆ ಹುಡುಗಿ ಮತ್ತು ಅವಳ ಗೆಳತಿಯರು ಹಳೆಯದರ ಮೇಲೆ ಹೊಸದನ್ನು ಅಂಟಿಸುತ್ತ ಹೋದರು. ಕೈಗೆ ಸಿಗದ ಬಸ್ಸುಗಳ ಮೇಲೆ, ದೂರದ ಗೋಡೆಗಳ ಮೇಲೆ ಮಾತ್ರ ಹಳೆಯದು ಉಳಿಯಿತು.

ಶುಕ್ರವಾರ ಹತ್ತೂವರೆಗೆ ಫೋನ್ ಬಂತು. ಊರಾಚೆ, ಬಸ್ಸುಗಳು ತಿರುಗುವ ಕೊನೆಯ ಡಿಪೋದ ಕ್ಯಾಂಟೀನಿನ ಹೆಂಗಸು. ನಾಲ್ಕು ದಿನದಿಂದ ಒಬ್ಬರು ಇಲ್ಲಿದ್ದಾರೆ, ಬಾಯಿ ಬಲಕ್ಕೆ ಜೋಲು, ತುಟಿ ಕೆಳಗೆ ಗಾಯ, ಬೇಗ ಬನ್ನಿ ಎಂದಳು. ಟೈಲರಮ್ಮ ತೇಪೆಯಕ್ಕನ ಕೈ ಹಿಡಿದು ಎಳೆದುಕೊಂಡೇ ಆಟೋ ಹತ್ತಿದಳು. ದಾರಿಯುದ್ದಕ್ಕೂ ಟೈಲರಮ್ಮನ ಮುಷ್ಟಿಯಲ್ಲಿ ಮಾತ್ರೆಯ ಹಾಳೆ ಚರಚರ ಅನ್ನುತ್ತಿತ್ತು. ತೇಪೆಯಕ್ಕ, ಅವನೇ ಆಗಿರಲಿ, ಅವನೇ ಆಗಿರಲಿ ಎಂದು ಮನಸ್ಸಿನಲ್ಲೇ ಜಪಿಸುತ್ತಿದ್ದಳು. ಅವನಲ್ಲದಿದ್ದರೆ ತಾನು ಮತ್ತೆ ಆ ಕುರ್ಚಿಯಲ್ಲಿ ಕೂರಲಾರೆ ಅನ್ನಿಸಿತ್ತು.

ಅವನೇ. ಯಾರೋ ಕೊಟ್ಟ ಖಾಕಿ ಅಂಗಿ ಹಾಕಿಕೊಂಡು, ಎಡಗೈಯಲ್ಲಿ ಬಟ್ಟೆ ಹಿಡಿದು, ಮೇಜು ಒರೆಸುತ್ತಿದ್ದ. ತಂಗಿಯನ್ನು ಕಂಡದ್ದೇ ಅವನ ಕೈಯಿಂದ ಬಟ್ಟೆ ಕೆಳಗೆ ಬಿತ್ತು. ಗಂಟಲಿನಿಂದ ಒಂದು ಸದ್ದು ಹೊರಟಿತು, ಅದು ಮಾತಲ್ಲ, ಆದರೆ ಬೈಗುಳವೆಂದು ಎಲ್ಲರಿಗೂ ತಿಳಿಯಿತು. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಅವನೇ ಅವಳನ್ನು ಕೇಳುವಂತಿತ್ತು. ಟೈಲರಮ್ಮ ಅಳುತ್ತಲೇ ಮೊದಲು ಮಾತ್ರೆ ನುಂಗಿಸಿದಳು, ಆಮೇಲೆ ಅಪ್ಪಿಕೊಂಡಳು.

"ಬುಧವಾರಾನೇ ನಿಮ್ಮ ಪೋಸ್ಟರ್ ಬಂತಮ್ಮ," ಅಂದಳು ಕ್ಯಾಂಟೀನಿನ ಹೆಂಗಸು, ಗೋಡೆ ತೋರಿಸುತ್ತ. ಚೌಕ ಗದ್ದದವನು ಅಲ್ಲಿ ಇನ್ನೂ ಇದ್ದ. "ಮಾತು ಬರಲ್ಲ ಅಂತ ಓದಿದ ತಕ್ಷಣ ನಂಗೆ ಅನುಮಾನ ಬಂತು. ಮ್ಯಾನೇಜರನ್ನ ಕರೆದೆ, ಅವರು ಹತ್ತು ಸಲ ಆ ಕಡೆ ಈ ಕಡೆ ನೋಡಿ, ಇವನಲ್ಲ, ಗದ್ದ ನೋಡು ಅಂದ್ರು. ಸರಿ, ಇವರನ್ನೇ ಕೇಳೋಣ ಅಂತ ಕರ್ಕೊಂಡು ಬಂದು ನಿಲ್ಲಿಸ್ದೆ. ಇದು ನೀವಾ ಅಂತ ಕೇಳ್ದೆ. ಒಂದು ನಿಮಿಷ ನೋಡಿದ್ರು. ಅಲ್ಲ ಅಂತ ತಲೆ ಅಲ್ಲಾಡಿಸಿಬಿಟ್ರು. ಇನ್ನು ನಾನೇನು ಮಾಡಲಿ? ಇವತ್ತು ಬೆಳಿಗ್ಗೆ ಮೊದಲ ಬಸ್ಸಿನ ಹಿಂದೆ ಈ ಇನ್ನೊಂದು ಬಂತು, ಆಗ ಗೊತ್ತಾಯ್ತು."

ತೇಪೆಯಕ್ಕ ಬೆಂಚಿನ ಮೇಲೆ ಕೂತುಬಿಟ್ಟಳು.

"ಅಣ್ಣಾ, ಈ ಅಕ್ಕನೇ ಕಣೋ ನಿನ್ನ ಫೋಟೋ ಮಾಡಿದ್ದು. ಇವರಿಂದಾನೇ ನೀನು ಸಿಕ್ಕಿದ್ದು," ಅಂದಳು ಟೈಲರಮ್ಮ.

ಅವನು ತೇಪೆಯಕ್ಕನನ್ನು ನೋಡಿದ. ಸ್ವಲ್ಪ ಕಾಲೆಳೆಯುತ್ತ ಗೋಡೆಯ ಹತ್ತಿರ ಹೋದ. ಹಳೆಯ ಪೋಸ್ಟರಿನ ಮೇಲೆ ಎಡ ಅಂಗೈ ಇಟ್ಟು ಮೂಗಿನಿಂದ ಕೆಳಗೆ ಪೂರ್ತಿ ಮುಚ್ಚಿದ. ಕಣ್ಣು, ಹಣೆ ಮಾತ್ರ ಉಳಿದವು. ಎಲ್ಲರ ಕಡೆ ತಿರುಗಿ, ಹೌದು ಎಂದು ತಲೆ ತೂಗಿದ. ಕೈ ತೆಗೆದ. ಇಲ್ಲ ಎಂದು ಅಲ್ಲಾಡಿಸಿದ. ದಡ್ಡ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಂತೆ ಇನ್ನೊಮ್ಮೆ ಮುಚ್ಚಿದ, ಇನ್ನೊಮ್ಮೆ ತೆಗೆದ. ಕ್ಯಾಂಟೀನಿನವರು ನಕ್ಕರು.

ತೇಪೆಯಕ್ಕನಿಗೆ ನಗು ಬರಲಿಲ್ಲ. "ನನ್ನಿಂದ ಸಿಕ್ಕಿದ್ದಲ್ಲಮ್ಮ," ಅಂದಳು. "ಅವರು ಎರಡು ದಿನ ಇಲ್ಲೇ ಉಳಿದಿದ್ದು ನನ್ನಿಂದ. ಈ ಬಾಯಿ, ಈ ಗದ್ದ ಎರಡೂ ನಂದೇ. ನಂಗೆ ಗೊತ್ತಿಲ್ಲದ್ದನ್ನ ಗೊತ್ತಿರೋ ಹಾಗೆ ತುಂಬಿಸಿಕೊಟ್ಟೆ. ತಪ್ಪಾಯ್ತು."

ಟೈಲರಮ್ಮ ಗೋಡೆಯ ಮೇಲಿನ ಮುಖವನ್ನು ನೋಡಿದಳು. "ನಿಮಗೆ ಗೊತ್ತಿರಲಿಲ್ಲ ಅಕ್ಕಾ, ನಿಜ. ನನಗೆ ಗೊತ್ತಿರಬೇಕಿತ್ತಲ್ಲ," ಅಂದಳು. "ಬೆರಳಿಟ್ಟು ಇದೇ ಅಂದವಳು ನಾನು."

ಅವಳು ಅಣ್ಣನನ್ನು ಬೆಂಚಿಗೆ ಕರೆತಂದು ಕೂರಿಸಿ, ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಅವನ ಗದ್ದಕ್ಕೆ ಕೈ ಹಾಕಿದಳು. ಅವನು ಮುಖ ಅತ್ತ ತಿರುಗಿಸಿದ, ನಲವತ್ತು ವರ್ಷ ಯಾರಿಗೂ ತೋರಿಸದೆ ಬಚ್ಚಿಟ್ಟಿದ್ದಲ್ಲವೇ.

"ಸುಮ್ನಿರಣ್ಣ," ಅಂದಳು. "ನಾನು ನೋಡೇ ಇಲ್ಲ. ಒಂದ್ಸಲ ನೋಡ್ತೀನಿ ಬಿಡು."

ಅವನು ಸ್ವಲ್ಪ ಹೊತ್ತು ಬಿಗಿಯಾಗಿಯೇ ಇದ್ದ. ಆಮೇಲೆ ಮುಖವನ್ನು ಅವಳ ಕಡೆಗೆ ತಿರುಗಿಸಿ, ಗದ್ದ ಎತ್ತಿ, ಕಣ್ಣು ಮುಚ್ಚಿಕೊಂಡು ಕೂತ.